‘ಥಿನ್ ಬೆಡ್ ಮಾರ್ಟರ್’ಗೆ ‘ತೆಳುಗಾರೆ’ ಸರಿಯಾ?

ಮೈಸೂರಿನಿಂದ: ಗಾರೆ ಕೆಲಸದವರಿಗಾಗಿ ಕೈಪಿಡಿ ಬರೆಯುತ್ತಿದ್ದೇನೆ. ಗೋಡೆ ಕಟ್ಟುವ ಹಗುರವಾದ ಎಎಸಿ ಬ್ಲಾಕುಗಳ ನಡುವೆ 2–3 ಮಿ.ಮೀ. ದಪ್ಪಕ್ಕೆ ಹಚ್ಚುವ, ಚೀಲದಲ್ಲಿ ಬರುವ ಪುಡಿಯ ಗಾರೆಗೆ ‘ತೆಳುಗಾರೆ’ ಎಂದಿದ್ದೇನೆ. ಸೈಟಿನಲ್ಲಿ ಅದನ್ನು ‘ಕೆಮಿಕಲ್’ ಅಂತಾರೆ. ಯಾವುದನ್ನು ಉಳಿಸಲಿ?

ಶಿವಮೊಗ್ಗದಿಂದ: ಗಾರೆ ಅಂದರೆ ಸುಣ್ಣದ್ದು. ಸಿಮೆಂಟಿಗೆ ಆ ಪದ ಸಲ್ಲದು. ‘ಅಂಟು’ ಅನ್ನಿ ಸಾಕು.

ಧಾರವಾಡದಿಂದ (ಸೈಟ್ ಎಂಜಿನಿಯರ್): ಹಿಂದೆ ಸುಣ್ಣದ್ದೇ ಇತ್ತು, ನಿಜ. ಈಗ ಸಿಮೆಂಟು, ಮರಳಿನದಕ್ಕೂ ಗಾರೆ ಅಂತೇವೆ, ಅದರಲ್ಲಿ ತಪ್ಪೇನಿಲ್ಲ. ನನ್ನ ತಕರಾರು ‘ತೆಳು’ ಬಗ್ಗೆ. ‘ತೆಳುಗಾರೆ’ ಅಂದರೆ ನೀರು ಜಾಸ್ತಿ ಹಾಕಿ ಕಲಸಿದ್ದು ಅಂತ ತಿಳಿಯುವವರು ಇದ್ದಾರೆ. ಹಾಗೆ ಕಲಸಿದರೆ ಅದು ಬ್ಲಾಕಿನ ಮೇಲೆ ನಿಲ್ಲುವುದಿಲ್ಲ, ಇಳಿದು ಹೋಗುತ್ತದೆ. ಹಲ್ಲಿರುವ ಕರಣೆಯಿಂದ ಎಳೆದಾಗ ಗೆರೆಗಳು ಹಾಗೇ ನಿಂತಿರಬೇಕು. ತೆಳ್ಳಗಿರಬೇಕಾದದ್ದು ಸಂದು, ಗಾರೆಯಲ್ಲ. ಅದಕ್ಕೇ ‘ತೆಳುಸಂದಿನ ಗಾರೆ’ ಮೇಲು.

ಇನ್ನೊಂದು ಮಾತನ್ನೂ ಕೈಪಿಡಿಯಲ್ಲಿ ಸೇರಿಸಿ. ಮೊದಲ ಸಾಲನ್ನು ಮಾತ್ರ ಮಾಮೂಲಿ ಸಿಮೆಂಟ್ ಗಾರೆಯ ಮೇಲೆ ಕೂರಿಸಿ ರಸಮಟ್ಟ ನೋಡಬೇಕು. ಅರ್ಧ ಇಂಚಿನ ಗಾರೆಯಲ್ಲಿ ನೆಲದ ಏರುಪೇರು ಮುಚ್ಚಿಹೋಗುತ್ತದೆ, 3 ಮಿ.ಮೀ.ನಲ್ಲಿ ಮುಚ್ಚುವುದಿಲ್ಲ. ಬ್ಲಾಕಿನ ಮೇಲಿನ ದೂಳನ್ನೂ ಬ್ರಷ್‌ನಿಂದ ತೆಗೆಯಬೇಕು. ದೂಳಿದ್ದರೆ ಗಾರೆ ದೂಳಿಗೇ ಅಂಟುತ್ತದೆ, ಬ್ಲಾಕಿಗಲ್ಲ.

ಬೆಂಗಳೂರಿನಿಂದ: ನಮ್ಮ ಬಾತ್‌ರೂಮಿನ ಗೋಡೆಯೂ ಇದೇ ಬ್ಲಾಕಿನದು. ಗೀಸರ್ ಹಾಕಿದವರು ಸಿಕ್ಕ ಪ್ಲಗ್ ಬಡಿದು ಸ್ಕ್ರೂ ತಿರುಗಿಸಿದರು. ಪ್ಲಗ್ಗೂ ಜೊತೆಗೇ ಸುತ್ತಿತು. ಗಾರೆ ಸರಿಯಿಲ್ಲದ್ದಕ್ಕೇ ಹೀಗಾಯ್ತಾ?

ಧಾರವಾಡದಿಂದ: ಇಲ್ಲ, ಗಾರೆಗೂ ಅದಕ್ಕೂ ಸಂಬಂಧವಿಲ್ಲ. ಬ್ಲಾಕಿನ ಒಳಗೆಲ್ಲ ಸಣ್ಣ ಗಾಳಿಗುಳ್ಳೆಗಳು. ಡ್ರಿಲ್ಲನ್ನು ಹ್ಯಾಮರ್‌ಗೆ ಇಟ್ಟು ಕೊರೆದರೆ ತೂತಿನ ಅಂಚು ಪುಡಿಯಾಗಿ ಅಗಲವಾಗುತ್ತದೆ. ಆಮೇಲೆ ಪ್ಲಗ್ ಹಿಡಿಯಲು ಏನೂ ಉಳಿದಿರುವುದಿಲ್ಲ. ಹ್ಯಾಮರ್ ನಿಲ್ಲಿಸಿ ಬರೀ ತಿರುಗಿಸಿ ಕೊರೆಯಬೇಕು. ಹಗುರವಾದ ಶೆಲ್ಫಿಗೆ ಈ ಬ್ಲಾಕಿಗೆಂದೇ ಮಾಡಿದ, ಹೊರಮೈಯಲ್ಲಿ ರೆಕ್ಕೆಯಿರುವ ನೈಲಾನ್ ಪ್ಲಗ್ ಸಾಕು. 15 ಲೀಟರ್ ಗೀಸರ್ ಹಾಗಲ್ಲ. ಬರೀ ನೀರೇ 15 ಕೆ.ಜಿ., ಮೇಲೆ ಅದರ ಸ್ವಂತ ತೂಕ. ಗೋಡೆಯ ಆಚೆ ಬದಿಗೆ ಹೋಗಲು ಜಾಗವಿದ್ದರೆ ಆರುಪಾರು ಬೋಲ್ಟ್ ಹಾಕಿಸಿ, ಹಿಂದೆ ಅಗಲ ಕಬ್ಬಿಣದ ಪಟ್ಟಿ ಕೊಡಿ. ಹಳೆಯ ತೂತಿಗೆ ಸಿಮೆಂಟ್ ತುಂಬಿ ಅಲ್ಲೇ ಮತ್ತೆ ಕೊರೆಯಬೇಡಿ, ಸ್ವಲ್ಪ ದೂರ ಸರಿಯಿರಿ.

ಮೈಸೂರಿನಿಂದ: ‘ತೆಳುಸಂದಿನ ಗಾರೆ’ ಅಂತಲೇ ಬರೆಯುತ್ತೇನೆ. ಸೈಟಿನವರು ‘ಕೆಮಿಕಲ್’ ಅನ್ನುತ್ತಾರೆ ಅಂತ ಒಂದು ಸಲ ತಿಳಿಸಿದರೆ ಸಾಕು ಅಲ್ವಾ? ಆ ರೆಕ್ಕೆಯ ಪ್ಲಗ್ಗಿಗೆ ಅಂಗಡಿಯಲ್ಲಿ ಏನಂತ ಕೇಳ್ತೀರಿ?

ಶಿವಮೊಗ್ಗದಿಂದ: ನಮ್ಮಲ್ಲಿ ಬರೀ ‘ಬ್ಲಾಕ್ ಪ್ಲಗ್’. ಗಾರೆ ಬಗ್ಗೆ ಮಾತ್ರ ನಾನಿನ್ನೂ ಒಪ್ಪಿಲ್ಲ.