ಹೆಸರು ಬದಲಿಸಿದರೆ ಸಾಕಾ? ಸುದ್ದಿಮನೆ ಕ್ಷೇತ್ರಕಾರ್ಯದ ಪ್ರಶ್ನೋತ್ತರ

ಕಡಿಯಾಳಿ ಹುಡುಗಿ: ಮೇಡಂ, ಉಡುಪಿಯ ಒಂದು ಪತ್ರಿಕೆಯ ಡೆಸ್ಕಿನಲ್ಲಿ ಮೂರು ತಿಂಗಳು ಕೂತಿದ್ದೆ. ಎಲ್ಲರ ಹೆಸರೂ ಬದಲಿಸಿದ್ದೇನೆ. ಇಲ್ಲಿಗೆಂದು ಊರನ್ನೂ ಬದಲಿಸಿದ್ದೇನೆ. ಈ ಪ್ಯಾರಾ ಪ್ರಬಂಧಕ್ಕೆ ಹಾಕಬಹುದಾ?
"ಕ್ರೈಮ್ ನೋಡಿಕೊಳ್ಳುವ ರಮ್ಯಾ (34, ಕುಂದಾಪುರದವರು) ಜುಲೈ ಎರಡನೇ ವಾರ ಕಾಲೇಜು ಶುಲ್ಕದ ಬಗ್ಗೆ ವರದಿ ಕೊಟ್ಟರು. ಮೊದಲ ಪುಟಕ್ಕೆಂದು ಇಟ್ಟದ್ದು ಜಾಹೀರಾತು ವಿಭಾಗದಿಂದ ಫೋನ್ ಬಂದ ಮೇಲೆ 5ನೇ ಪುಟಕ್ಕೆ ಹೋಯಿತು. 'ನಮ್ಮ ಕೈಟ್ ದಾಲ ಇಜ್ಜಿ' ಎಂದು ನಕ್ಕರು."

ಮೇಡಂ: ಬೇಡ. ಮೊದಲು ಈ ಪ್ಯಾರಾವನ್ನು ಇಲ್ಲಿಂದ ತೆಗೆಯಿರಿ, ಈ ಗುಂಪಿನಲ್ಲಿ ಅರ್ಧ ಜನ ಪತ್ರಿಕೆಯವರೇ.

ಇದರಲ್ಲಿ ಎರಡು ಬಾಗಿಲು ತೆರೆದೇ ಉಂಟು. ಒಂದು ಹೊರಗಿನವರಿಗೆ. ಜುಲೈ, ಎರಡನೇ ವಾರ, ಶುಲ್ಕ, 5ನೇ ಪುಟ, ಇಷ್ಟು ಹಿಡಿದು ಇ-ಪೇಪರ್ ತೆರೆದರೆ ಆ ವಾರದ ಏಳು ಸಂಚಿಕೆ ನೋಡಿದರೆ ಮುಗಿಯಿತು, ಬೈಲೈನ್ ಎದುರಿಗೇ ಇರ್ತದೆ. ಬೈಲೈನ್ ಇಲ್ಲದಿದ್ದರೂ ಈ ಊರಲ್ಲಿ ಕ್ರೈಮ್ ಮಾಡುವ ಹೆಂಗಸರು ಎಷ್ಟು ಜನ ಅಂತ ನೀವೇ ಎಣಿಸಿ. ಇನ್ನೊಂದು ಬಾಗಿಲು ಒಳಗಿನವರಿಗೆ. ಫೋನ್ ಮಾಡಿದವರಿಗೆ, ಪುಟ ಕಟ್ಟಿದವರಿಗೆ, ಪಕ್ಕದ ಕುರ್ಚಿಯವರಿಗೆ ಆ ರಾತ್ರಿ ಯಾರು ನಕ್ಕದ್ದೆಂದು ನೆನಪಿರ್ತದೆ. ಹೊರಗಿನ ಬಾಗಿಲನ್ನು ಹೆಚ್ಚುಕಡಿಮೆ ಮುಚ್ಚಬಹುದು. ಒಳಗಿನದ್ದನ್ನು ಪೂರ್ತಿ ಮುಚ್ಚಲಿಕ್ಕೆ ಆಗುವುದಿಲ್ಲ. ಹಾಗಾಗಿ ಪ್ಯಾರಾವನ್ನು ಆ ವರದಿಗಾರರಿಗೇ ತೋರಿಸಿ ಕೇಳಬೇಕು.

ನಿಮ್ಮ ವಾದಕ್ಕೆ ಏನು ಬೇಕೋ ಅದಕ್ಕೆ ಮಾತ್ರ ಅಡಿಗೆರೆ ಹಾಕಿ. ಜಾಹೀರಾತಿನ ಕಡೆಯಿಂದ ಮಾತು ಬಂತು, ವರದಿ ಒಳಪುಟಕ್ಕೆ ಹೋಯಿತು, ವರದಿ ಮಾಡಿದವರು ಜಗಳ ಆಡಲಿಲ್ಲ. ಅಷ್ಟೇ. ಹೆಣ್ಣು, 34, ಊರು, ತಿಂಗಳು, ಪುಟದ ಸಂಖ್ಯೆ ಯಾವುದೂ ಆ ವಾದವನ್ನು ಹೊರುವುದಿಲ್ಲ. ಆಗ ಪ್ಯಾರಾ ಹೀಗಾಗ್ತದೆ: "ಜಾಹೀರಾತು ಕೊಡುವ ಒಂದು ಸಂಸ್ಥೆಗೆ ಹಿತವಲ್ಲದ ವರದಿ ಮೊದಲ ಪುಟದ ಪಟ್ಟಿಯಲ್ಲಿತ್ತು. ಜಾಹೀರಾತು ವಿಭಾಗದ ಕರೆಯ ನಂತರ ಒಳಪುಟಕ್ಕೆ ಹೋಯಿತು. ತಮ್ಮ ಕೈಯಲ್ಲಿ ಏನೂ ಇಲ್ಲವೆಂದು ವರದಿಗಾರರು ನಕ್ಕರು."

ವಿವರ ತೆಗೆಯುವುದು ಬೇರೆ, ಸುಳ್ಳು ವಿವರ ಹಾಕುವುದು ಬೇರೆ. ಕಾಲೇಜನ್ನು ಆಸ್ಪತ್ರೆ ಮಾಡಿದರೆ ಯಾವುದೋ ಆಸ್ಪತ್ರೆಯ ಮೇಲೆ ಸಂಶಯ ಬೀಳ್ತದೆ. ಮತ್ತೆ, ಕುಂದಾಪುರದವರು ಡೆಸ್ಕಿನಲ್ಲಿ ತುಳುವಿನಲ್ಲಿ ನಗುವುದಾ? ಊರು ಬದಲಿಸಿದ್ದೆಂದು ಓದುವವರಿಗೆ ಅಲ್ಲೇ ತಿಳೀತದೆ. ಟಿಪ್ಪಣಿಯಲ್ಲಿ ತುಳು ಹಾಗೇ ಇರಲಿ. ಪ್ರಬಂಧದಲ್ಲಿ ಎಲ್ಲರ ಮಾತನ್ನೂ ಸಾದಾ ಕನ್ನಡಕ್ಕೆ ತಂದು, ಹಾಗೆ ಮಾಡಿದ್ದೇನೆಂದು ವಿಧಾನದ ಅಧ್ಯಾಯದಲ್ಲಿ ಒಮ್ಮೆ ಹೇಳಿ.

ಬೋಳಾರ್ 7: ಸಂಪಾದಕರ ಸಹಿ ಉಂಟಲ್ಲ. ಮತ್ತೆ ಒಬ್ಬೊಬ್ಬರನ್ನೇ ಕೇಳುವುದು ಯಾಕೆ?

ಮೇಡಂ: ಆ ಸಹಿ ಗೇಟಿಗೆ. ಸಂಪಾದಕರು ಒಪ್ಪಿದ ಮೇಲೆ ಟ್ರೈನಿ ಸಬ್ ಎಡಿಟರ್ "ಬೇಡ" ಎನ್ನುವುದು ಹೇಗೆ? ಒಬ್ಬೊಬ್ಬರನ್ನೇ ಬೇರೆಯಾಗಿ ಕೇಳಿ, ಡೆಸ್ಕಿನಲ್ಲಿ ಅಲ್ಲ, ಪುಟ ಮುಗಿಸುವ ಗಡಿಬಿಡಿಯಲ್ಲಂತೂ ಅಲ್ಲವೇ ಅಲ್ಲ. ಕನ್ನಡದಲ್ಲಿ ಒಂದೇ ಪುಟದ ಪತ್ರ ಸಾಕು. ಬೇಡ ಎಂದವರು ಯಾರೆಂದು ಸಂಪಾದಕರಿಗೆ ಗೊತ್ತಾಗಬಾರದು. ಬೇಡ ಎಂದವರು ಮೀಟಿಂಗಿನಲ್ಲಿದ್ದರೆ ನೀವು ಎದ್ದು ಹೋಗಬೇಕೆಂದಿಲ್ಲ, ಅವರ ಮಾತು ಬರೆಯಬೇಡಿ, ಅಷ್ಟೇ. ಸಂಪಾದಕರು ಪ್ರಬಂಧ ಮೊದಲೇ ಓದಬೇಕೆಂದರೆ ತಪ್ಪು ತಿದ್ದಲು ಒಪ್ಪಿ, ತೆಗೆಸಲು ಒಪ್ಪಬೇಡಿ. ಇದನ್ನು ಮೊದಲ ದಿನವೇ ಬರೆದಿಡಿ. ಮೂರನೇ ತಿಂಗಳಲ್ಲಿ ಈ ಮಾತು ಎತ್ತಿದರೆ ಜಗಳವೇ.

ಕದ್ರಿ ಪಾರ್ಕ್: ಫಾರ್ವರ್ಡ್: "ಸಂಶೋಧಕರೇ ಗಮನಿಸಿ! ಹೆಸರಿನ ಬದಲು ಅ, ಆ, ಇ ಹಾಕಿ. ಟಿಪ್ಪಣಿಗೆ ಪಾಸ್‌ವರ್ಡ್ ಹಾಕಿ. ಪತ್ರಕರ್ತರಂತೆ ನಿಮಗೂ ಮೂಲ ಬಹಿರಂಗಪಡಿಸದ ಹಕ್ಕು ಇದೆ. ಎಲ್ಲರಿಗೂ ಕಳುಹಿಸಿ."

ಮೇಡಂ: ದಯವಿಟ್ಟು ಕಳುಹಿಸಬೇಡಿ. ಮೂರನೇ ಸರ್ತಿ ನೋಡ್ತಿದ್ದೇನೆ ಇದನ್ನು. ಆ ಹಕ್ಕು ಸಂಶೋಧಕರಿಗೆ ಇಲ್ಲ. 1978ರ ಪತ್ರಿಕಾ ಮಂಡಳಿ ಕಾಯ್ದೆಯ 15(2) ಪತ್ರಿಕೆ ಮತ್ತು ಪತ್ರಕರ್ತರಿಗೆ, ಅದೂ ಮಂಡಳಿಯ ವಿಚಾರಣೆಯಲ್ಲಿ. ಕೋರ್ಟು ಅಥವಾ ಠಾಣೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 94ನೇ ಕಲಮಿನಲ್ಲಿ ದಾಖಲೆ ಕೇಳಿದರೆ "ನಾನು ಪಿಎಚ್‌ಡಿ ಮಾಡ್ತಿದ್ದೇನೆ" ಎನ್ನುವುದು ನಡೆಯುವುದಿಲ್ಲ. ವರದಿಗಾರರು ಫೋನಿನಲ್ಲಿ ಹೇಳಿದ ಮೂಲದ ಹೆಸರನ್ನು ಟಿಪ್ಪಣಿಗೇ ಇಳಿಸಬೇಡಿ. ಬರೆಯದ್ದನ್ನು ಯಾರೂ ತರಿಸಿಕೊಳ್ಳಲಾರರು. ಸಂಕೇತ ಮತ್ತು ಹೆಸರು ಜೋಡಿಸುವ ಪಟ್ಟಿ ಕಾಗದದಲ್ಲಿ, ಟಿಪ್ಪಣಿ ಇರುವ ಲ್ಯಾಪ್‌ಟಾಪಿನಿಂದ ದೂರ ಇರಲಿ. ಅದನ್ನು ಯಾವಾಗ ನಾಶ ಮಾಡುವುದೆಂದು ಒಪ್ಪಿಗೆ ಪತ್ರದಲ್ಲೇ ಹಾಕಿ. ನೋಟಿಸ್ ಬಂದ ಮೇಲೆ ಹರಿದರೆ ಅದೇ ಅಪರಾಧ.

ಹಳೇ ಡೆಸ್ಕ್: ಇಪ್ಪತ್ತೆಂಟು ವರ್ಷ ಪುಟ ಕಟ್ಟಿದವ ನಾನು. ಇಷ್ಟೆಲ್ಲ ಒಪ್ಪಿಗೆ ಕೇಳಿದರೆ ಯಾರು ಮಾರ್ರೆ ನಿಜ ಮಾತಾಡುವುದು? ಹೇಳದೆ ಕೂತ್ಕೊಳ್ಳಿ. ಮತ್ತೆ, ಬೈಲೈನ್ ಹಾಕುವವರ ಹೆಸರು ಮುಚ್ಚುವುದು ಅವಮಾನ.

ಮಣಿಪಾಲ ಎಂ.ಎ.: ಸರ್, ಅದು ಸ್ಟಿಂಗ್, ಸಂಶೋಧನೆ ಅಲ್ಲ.

ಹಳೇ ಡೆಸ್ಕ್: ಪುಸ್ತಕ ಓದಿ ಬಂದವರು ಡೆಸ್ಕಿನ ಬಗ್ಗೆ ನಮಗೆ ಹೇಳಬೇಡಿ.

ಮಣಿಪಾಲ ಎಂ.ಎ.: ಡೆಸ್ಕಿನಲ್ಲಿ ಕೂತವರಿಗೆ ಒಪ್ಪಿಗೆ ಅಂದರೆ ಏನೆಂದು ಗೊತ್ತಿಲ್ಲ ಅಂತ ಈಗ ಗೊತ್ತಾಯ್ತು.

ಮೇಡಂ: ಇಬ್ಬರೂ ಸ್ವಲ್ಪ ನಿಲ್ಲಿಸಿ. ಹೆಸರಿನ ಬಗ್ಗೆ ಹಳೇ ಡೆಸ್ಕ್ ಹೇಳಿದ್ದರಲ್ಲಿ ಅರ್ಧ ಸರಿ ಉಂಟು, ಕೆಲವರಿಗೆ ತಮ್ಮ ಹೆಸರು ಬರಲೇಬೇಕು. ಆದರೆ ಒಬ್ಬರ ಹೆಸರು ಬಂದರೆ ಪತ್ರಿಕೆ ಯಾವುದೆಂದು ಗೊತ್ತಾಯ್ತು, ಆಮೇಲೆ ಉಳಿದ ಹನ್ನೊಂದು ಜನರ ಹೆಸರು ಮುಚ್ಚಿ ಪ್ರಯೋಜನ ಇಲ್ಲ. ಇದಕ್ಕೆ ಎಲ್ಲರೂ ಒಪ್ಪುವ ಉತ್ತರ ನನಗೆ ಕಂಡಿಲ್ಲ. ಹೇಳದೆ ಕೂರುವುದಕ್ಕೆ ಮಾತ್ರ ನಾನು ಒಪ್ಪುವುದಿಲ್ಲ.

ಪಡುಬಿದ್ರಿ ಬೀಚ್: ಟಿಪ್ಪಣಿ ಯಾವಾಗ ಬರೆಯುವುದು? ನನ್ನದು ರಾತ್ರಿ 1ಕ್ಕೆ ಮುಗೀತದೆ. ಬೆಳಿಗ್ಗೆ ಎದ್ದರೆ ಅರ್ಧ ಮರೆತಿರ್ತದೆ.

ಮೇಡಂ: ಸ್ಥಳದಲ್ಲಿ ಗೀಚು ಮಾತ್ರ: ಗಂಟೆ, ಕುರ್ಚಿ, ಯಾವ ಪುಟ ಎಲ್ಲಿಗೆ ಸರಿಯಿತು, ನಾಲ್ಕು ಪದ ಅವರದ್ದೇ ಮಾತಿನಲ್ಲಿ. ಸುದ್ದಿಮನೆಯಲ್ಲಿ ಪ್ಯಾಡ್ ಹಿಡಿದರೆ ಯಾರೂ ತಿರುಗಿ ನೋಡುವುದಿಲ್ಲ, ಅದೊಂದು ಲಾಭ. ಕಿವಿಯಾರೆ ಕೇಳಿದ್ದನ್ನು ಉದ್ಧರಣ ಚಿಹ್ನೆಯಲ್ಲಿ ಹಾಕಿ, ನೆನಪಿನಿಂದ ಬರೆದದ್ದನ್ನು ಚಿಹ್ನೆ ಇಲ್ಲದೆ. ಈ ಭೇದ ಮೊದಲ ದಿನ ಮಾಡದಿದ್ದರೆ ಆರು ತಿಂಗಳ ಮೇಲೆ ಯಾವುದು ಅವರ ಮಾತು, ಯಾವುದು ನಿಮ್ಮದು ಅಂತ ನಿಮಗೇ ಗೊತ್ತಾಗುವುದಿಲ್ಲ. ಮನೆಗೆ ಬಂದು ಮಲಗುವ ಮೊದಲು ಗೀಚು ನೋಡಿ ಹತ್ತು ನಿಮಿಷ ನಿಮ್ಮದೇ ದನಿಯಲ್ಲಿ ಹೇಳಿ ರೆಕಾರ್ಡ್ ಮಾಡಿ, ಬೆಳಿಗ್ಗೆ ಬಿಡಿಸಿ ಬರೆಯಿರಿ. ಬಸ್ಸಿನಲ್ಲಿ ಅಲ್ಲ. ನಾಲ್ಕು ಗಂಟೆ ನೋಡಿದ್ದಕ್ಕೆ ಬರೆಯಲು ಅಷ್ಟೇ ಹೊತ್ತು ಬೇಕು. ದಿನಾ ಪೂರ್ತಿ ಶಿಫ್ಟ್ ಕೂತರೆ ಬರೆಯುವುದು ಬಾಕಿ ಆಗ್ತದೆ.

ಸುರತ್ಕಲ್ ಲೈಟ್‌ಹೌಸ್: ಆಫೀಸಿನ ವಾಟ್ಸಾಪ್ ಗುಂಪಿಗೆ ನನ್ನನ್ನೂ ಸೇರಿಸಿದ್ದಾರೆ. ಸ್ಕ್ರೀನ್‌ಶಾಟ್ ಬಳಸಬಹುದಾ?

ಮೇಡಂ: ಇಲ್ಲ.

ನೇತ್ರಾವತಿ ಸೇತುವೆ: ಟಿವಿ ಚಾನೆಲಿನಲ್ಲಿ ಇಂಟರ್ನ್‌ಶಿಪ್‌ಗೆ ಅನುಮತಿ ಪತ್ರ ಹೇಗೆ ಬರೆಯುವುದು? ಫಾರ್ಮ್ಯಾಟ್ ಇದ್ದರೆ ಹಾಕಿ.

ಕದ್ರಿ ಪಾರ್ಕ್: ಹೆಸರು ಬದಲಿಸಿದರೆ ಸಾಕಲ್ವಾ ಮೇಡಂ, ಎಲ್ಲರೂ ಹಾಗೇ ಮಾಡ್ತಾರೆ.

ಮೇಡಂ: ಮೇಲೆ ಓದಿ.

ಮಲ್ಪೆ ಬಂದರು: ಕುಂದಾಪುರದವರು, ಕ್ರೈಮ್, ಹೆಂಗಸು. ಯಾರೆಂದು ನನಗೆ ಗೊತ್ತಾಯ್ತು. ಅವರಿಗೇ ಕಳಿಸಿದ್ದೇನೆ ಈ ಪ್ಯಾರಾ.

ಕಡಿಯಾಳಿ ಹುಡುಗಿ: ಅಯ್ಯೋ, ಅವರಲ್ಲ! ಕುಂದಾಪುರ ನಾನು ಹಾಕಿದ್ದು!

ಮೇಡಂ: ನೋಡಿ. ಕೂರದ ಡೆಸ್ಕಿನಲ್ಲಿ, ಆಡದ ಮಾತಿಗೆ ಅವರು ಈಗ ತಮ್ಮ ಸಂಪಾದಕರಿಗೆ ಉತ್ತರ ಕೊಡಬೇಕು. "ಅವರಲ್ಲ" ಎಂದು ಹೇಳಿ ನೀವು ಪಟ್ಟಿಯಿಂದ ಇನ್ನೊಂದು ಹೆಸರನ್ನು ಕಳೆದಿರಿ. ಪ್ಯಾರಾ ತೆಗೆಯಿರಿ ಎಂದು ಬೆಳಿಗ್ಗೆಯೇ ಹೇಳಿದ್ದೆ. ಅಡ್ಮಿನ್, ಮಲ್ಪೆ ಬಂದರಿನ ಕಾಮೆಂಟನ್ನೂ ತೆಗೆಯಿರಿ.

ಹಳೇ ಡೆಸ್ಕ್: ಇದಕ್ಕೇ ನಾನು ಹೇಳಿದ್ದು, ಹೆಸರೇ ಹಾಕಿ ಅಂತ.

ಮಣಿಪಾಲ ಎಂ.ಎ.: ನೀವು ಹೇಳಿದ್ದು ಹಾಗಲ್ಲ.

ಕಡಿಯಾಳಿ ಹುಡುಗಿ: ಈಗ ತೆಗೆಯುತ್ತೇನೆ ಮೇಡಂ. ಆದರೆ ಗೈಡ್ ಹೇಳ್ತಾರೆ, ದಿನಾಂಕ, ಪುಟ ಇಲ್ಲದಿದ್ದರೆ ಅದು ದತ್ತಾಂಶವೇ ಅಲ್ಲ ಅಂತ. ಅವರಿಗೆ ಏನು ತೋರಿಸುವುದು?

ಮೇಡಂ: ಗೈಡನ್ನು ಎದುರು ಕೂರಿಸಿಕೊಂಡು ಸಂಕೇತ ಹಾಕಿದ ಟಿಪ್ಪಣಿಯನ್ನು ಓದಿಸಿ. ದಿನಾಂಕ, ಪುಟ ಅದರಲ್ಲಿ ಇರ್ತದೆ. ಪ್ರತಿ ಕೊಡಬೇಡಿ. ಹೆಸರಿನ ಪಟ್ಟಿ ಅವರಿಗೂ ಬೇಡ. ನಾಳೆ ಆ ಕುಂದಾಪುರದವರಿಗೆ ಫೋನ್ ಮಾಡಿ ನಡೆದದ್ದನ್ನು ಹೇಳಿ, ನಿಮ್ಮ ವರದಿಗಾರರು ಯಾರೆಂದು ಮಾತ್ರ ಹೇಳಬೇಡಿ.

ಕಡಿಯಾಳಿ ಹುಡುಗಿ: ಅವರು ಕೇಳಿಯೇ ಕೇಳ್ತಾರಲ್ಲ?

ನೇತ್ರಾವತಿ ಸೇತುವೆ: ಫಾರ್ಮ್ಯಾಟ್ ಪ್ಲೀಸ್.