ಪುಟ ತುಂಬ ಥಂಬ್‌ನೇಲ್ ಹಾಕಿದರೂ ಎಲ್ಲವೂ ಒಂದೇ ಹೆಂಗಸು, ಏನು ಮಾಡಲಿ?

ಪ್ರಶ್ನೆ (ಅನಿಮೇಷನ್ ವಿದ್ಯಾರ್ಥಿನಿ):
ನಮಸ್ಕಾರ. ಕೊನೆಯ ವರ್ಷದ ಪ್ರಾಜೆಕ್ಟಿಗೆ ಒಂದು ಪುಟ್ಟ 2ಡಿ ಗೇಮ್ ಮಾಡುತ್ತಿದ್ದೇನೆ. ಪಕ್ಕದಿಂದ ನೋಡುವ ಆಟ. ಮಲೆನಾಡಿನ ಮಳೆಗಾಲದಲ್ಲಿ ಐವತ್ತು ದಾಟಿದ ಅಂಚೆಯಮ್ಮ ಒಬ್ಬಳು ಸಂಕ, ಹಳ್ಳ, ಗುಡ್ಡ ದಾಟಿ ಒಂಟಿ ಮನೆಗಳಿಗೆ ಕಾಗದ ಮುಟ್ಟಿಸುತ್ತಾಳೆ. ಮೊದಲು ಥಂಬ್‌ನೇಲ್ ಹಾಕಿ ಅಂತ ಗೈಡ್ ಹೇಳಿದರು. ಪುಟ ತುಂಬ ಹಾಕಿದೆ. ಆದರೆ ಎಲ್ಲವೂ ಒಂದೇ ಹೆಂಗಸಿನ ಹಾಗೆ ಕಾಣುತ್ತಿವೆ. ಕಪ್ಪು ತುಂಬಿದರೂ ಅದೇ ಕತೆ. ಪುಟದ ಫೋಟೊ ಹಾಕಿದ್ದೇನೆ. ಎಲ್ಲಿ ತಪ್ಪುತ್ತಿದೆ?

ಯೂಟ್ಯೂಬ್ ಚಾನೆಲ್ ನಡೆಸುವವರು:
ಥಂಬ್‌ನೇಲ್‌ನಲ್ಲಿ ಮುಖ ದೊಡ್ಡದಾಗಿರಲಿ. ಹಿನ್ನೆಲೆ ಬ್ಲರ್ ಮಾಡಿ. ಹಳದಿ ಬಣ್ಣದ ಅಕ್ಷರ, ನಾಲ್ಕು ಪದಕ್ಕಿಂತ ಜಾಸ್ತಿ ಬೇಡ. ನನ್ನ ಅಡುಗೆ ವಿಡಿಯೊಗಳಿಗೆ ಹೀಗೇ ಮಾಡೋದು.

ವಿದ್ಯಾರ್ಥಿನಿ:
ಅಣ್ಣ, ಅದು ವಿಡಿಯೊ ಥಂಬ್‌ನೇಲ್. ನಾನು ಕೇಳಿದ್ದು ಪಾತ್ರ ಬಿಡಿಸೋಕೆ ಮುಂಚೆ ಹಾಕುವ ಚಿಕ್ಕ ಚಿಕ್ಕ ಸ್ಕೆಚ್ 🙂

ಯೂಟ್ಯೂಬ್ ಚಾನೆಲ್ ನಡೆಸುವವರು:
ಓ, ಹಾಗಾ! ಸರಿ ಸರಿ, ಮುಂದುವರಿಸಿ.

ಗೇಮ್ ಸ್ಟುಡಿಯೊದಲ್ಲಿ ಕಾನ್ಸೆಪ್ಟ್ ಆರ್ಟಿಸ್ಟ್:
ಫೋಟೊ ನೋಡಿದೆ. ಒಂದು ಪರೀಕ್ಷೆ ಮಾಡಿ. ಪ್ರತಿ ಸಾಲಿನ ಮೇಲರ್ಧವನ್ನು ಒಂದು ಪಟ್ಟಿ ಕಾಗದದಿಂದ ಮುಚ್ಚಿ. ಕೆಳಗೆ ಉಳಿಯುವುದು ಒಂದೇ ಸೀರೆ, ಒಂದೇ ಜೋಡಿ ಕಾಲು, ಒಂದೇ ನಿಲುವು. ನೀವು ಬದಲಿಸಿದ್ದು ಕೊಡೆ ಮತ್ತು ತುರುಬು ಮಾತ್ರ.

ಯಾಕೆ ಹೀಗಾಯಿತು ಅಂತಲೂ ಗೆರೆಗಳಲ್ಲೇ ಕಾಣುತ್ತದೆ. ಪ್ರತಿ ಸಲ ನೀವು ತಲೆಯಿಂದ ಶುರು ಮಾಡಿದ್ದೀರಿ. ತಲೆಗೊಂದು ಸುತ್ತು, ಅದರ ಕೆಳಗೆ ಭುಜ, ಆಮೇಲೆ ಸೊಂಟ. ಹಾಗೆ ಹೊರಟರೆ ಕೈ ತನಗೆ ರೂಢಿಯಾದ ಅಳತೆಯನ್ನೇ ಹಾಕುತ್ತದೆ. ಆ ಅಳತೆಯ ಮೇಲೆ ಏನು ತೊಡಿಸಿದರೂ ಅದೇ ಹೆಂಗಸು.

ಹೊಸ ಹಾಳೆ ತಗೊಳ್ಳಿ. ದಪ್ಪ ತುದಿಯ ಕಪ್ಪು ಮಾರ್ಕರ್ ಇರಲಿ, ಪೆನ್ಸಿಲ್ ಬೇಡ. ಒಂದೊಂದು ಆಕಾರ ಐದು ಸೆಂಟಿಮೀಟರ್ ಎತ್ತರ ದಾಟಬಾರದು. ಅಷ್ಟು ಚಿಕ್ಕ ಜಾಗದಲ್ಲಿ ದಪ್ಪ ಮಾರ್ಕರ್‌ಗೆ ಕಣ್ಣು, ಸೀರೆಯ ಅಂಚು ಬರೆಯೋಕೆ ಆಗುವುದೇ ಇಲ್ಲ. ಅದೇ ನಮಗೆ ಬೇಕಾದ್ದು. ಒಂದಕ್ಕೆ ಎರಡು ನಿಮಿಷ. ಅಳಿಸುವ ಹಾಗಿಲ್ಲ. ಕೆಟ್ಟರೆ ಪಕ್ಕದಲ್ಲಿ ಇನ್ನೊಂದು.

ಮೊದಲ ಸಾಲಿನಲ್ಲಿ ಮನುಷ್ಯರನ್ನೇ ಬರೆಯಬೇಡಿ. ದೊಡ್ಡದು, ನಡುವಿನದು, ಚಿಕ್ಕದು ಅಂತ ಮೂರು ಕಪ್ಪು ಮುದ್ದೆ ಇಡಿ. ಪ್ರತಿ ಸಲ ಭಾರ ಎಲ್ಲಿದೆ ಅನ್ನುವುದನ್ನಷ್ಟೇ ಬದಲಿಸಿ. ಒಂದರಲ್ಲಿ ಭಾರವೆಲ್ಲ ಭುಜದ ಮೇಲೆ, ಕೆಳಗೆ ಕಡ್ಡಿ ಕಾಲು. ಇನ್ನೊಂದರಲ್ಲಿ ಸೊಂಟದಲ್ಲಿ. ಮತ್ತೊಂದರಲ್ಲಿ ಹೆಂಗಸೇ ಸಣ್ಣ, ಚೀಲವೇ ದೊಡ್ಡ ಮುದ್ದೆ. ಮೂರೂ ಒಂದೇ ಗಾತ್ರವಾದರೆ ಆಕಾರ ಸಪ್ಪೆಯಾಗುತ್ತದೆ, ಅದು ನೋಡಿದ ತಕ್ಷಣ ಗೊತ್ತಾಗುತ್ತೆ. ಎರಡನೇ ಸಾಲಿನಲ್ಲಿ ಹಾಗೆ ಬಂದ ಆಕಾರಗಳಲ್ಲಿ ಎರಡನ್ನು ಆರಿಸಿಕೊಂಡು ವಾಲಿಕೆ ಬದಲಿಸಿ: ಮುಂದಕ್ಕೆ ಬಾಗಿದ್ದು, ಹಿಂದಕ್ಕೆ ಜಗ್ಗಿದ್ದು, ಒಂದು ಕಡೆಗೆ ಓರೆಯಾಗಿದ್ದು. ಕೊಡೆ, ಕಂಬಳಿ, ಚೀಲ ಬರುವುದು ಮೂರನೇ ಸಾಲಿಗೆ. ನೀವು ಮೂರನೆಯದರಿಂದ ಶುರು ಮಾಡಿದ್ದೀರಿ, ಅಷ್ಟೇ.

ಜಾಹೀರಾತು ಕಂಪನಿಯ ಇಲಸ್ಟ್ರೇಟರ್:
ಇಷ್ಟೆಲ್ಲ ಯಾಕೆ? ಸುಮ್ನೆ ನೂರು ಹಾಕಿ. ಮೊದಲ ಮೂವತ್ತು ಎಲ್ಲರಿಗೂ ಹೊಳೆಯೋದೇ. ಆಮೇಲಿನವು ನಿಮ್ಮವು. ಮತ್ತೆ ನಮ್ಮ ತೊಗಲುಬೊಂಬೆ ನೋಡಿ, ಬರೀ ಕಪ್ಪು ನೆರಳಲ್ಲೇ ರಾಮ ಯಾರು, ರಾವಣ ಯಾರು ಅಂತ ಗೊತ್ತಾಗುತ್ತೆ. ನೆರಳು ಗೆದ್ದರೆ ಡಿಸೈನ್ ಮುಗಿದ ಹಾಗೆ.

ಕಾನ್ಸೆಪ್ಟ್ ಆರ್ಟಿಸ್ಟ್:
ಜಾಸ್ತಿ ಹಾಕಬೇಕು ಅನ್ನೋದು ಸರಿ ಸರ್. ಆದರೆ ಏನು ಬದಲಿಸುತ್ತಿದ್ದೇವೆ ಅಂತ ಗೊತ್ತಿಲ್ಲದೆ ನೂರು ಹಾಕಿದರೆ ನೂರು ಕೊಡೆ ಬರುತ್ತವೆ.

ತೊಗಲುಬೊಂಬೆಯ ಮಾತು ಅರ್ಧ ಮಾತ್ರ ನಿಜ. ನಮ್ಮಲ್ಲಿ ಬೆಳಕು ಹಾಯುವಷ್ಟು ಚರ್ಮ ಹೆರೆದು ಬಣ್ಣ ಹಾಕುತ್ತಾರೆ. ಪರದೆ ಮೇಲೆ ಕಾಣುವುದು ಬಣ್ಣದ ಚಿತ್ರ, ಕಪ್ಪು ನೆರಳಲ್ಲ. ನೀವು ಹೇಳಿದ್ದು ಕೇರಳದ ತೋಲ್‌ಪಾವಕೂತ್ತು, ಒಡಿಶಾದ ರಾವಣಛಾಯಾ ಆಟಗಳಿಗೆ ಹೊಂದುತ್ತದೆ. ನಮ್ಮ ಬೊಂಬೆಗಳಿಂದ ಕಲಿಯಬೇಕಾದ್ದು ಬೇರೆ ಇದೆ. ರಾಜರು, ದೇವರ ಬೊಂಬೆ ದೊಡ್ಡದು, ಸಾಮಾನ್ಯರದ್ದು ಚಿಕ್ಕದು. ಅಂದರೆ ಒಂದು ಪಾತ್ರದ ಗಾತ್ರ ಅರ್ಥವಾಗುವುದು ಪಕ್ಕದ ಪಾತ್ರದಿಂದ. ಇದು ಈ ತಂಗಿಯ ಆಟಕ್ಕೂ ಬೇಕಾಗುತ್ತೆ.

ವಿದ್ಯಾರ್ಥಿನಿ:
ಸರ್, ನೀವು ಹೇಳಿದ ಹಾಗೆ ಮೂರು ಸಾಲು ಹಾಕಿದೆ. ಫೋಟೊ ಕೆಳಗಿದೆ. ಎರಡನೇ ಸಾಲಿನಲ್ಲಿ ಮುಂದಕ್ಕೆ ಬಾಗಿದ್ದು ಇಷ್ಟವಾಯಿತು. ಅದಕ್ಕೆ ಗೊರಬು ಹಾಕಿದೆ. ಅಜ್ಜಿ ಮನೆಯಲ್ಲಿ ಗದ್ದೆ ಕೆಲಸಕ್ಕೆ ಹೋಗುವಾಗ ಹಾಕಿಕೊಳ್ಳುತ್ತಿದ್ದರು. ತಲೆಯಿಂದ ಬೆನ್ನು ತನಕ ಒಂದೇ ಚಿಪ್ಪು, ಕೆಳಗೆ ಎರಡು ಸಣ್ಣ ಕಾಲು. ಎಂಟನೆಯದು ನೋಡಿ. ಇದೇ ಫೈನಲ್ ಮಾಡಿಬಿಡಲಾ?

ಕಾನ್ಸೆಪ್ಟ್ ಆರ್ಟಿಸ್ಟ್:
ಎಂಟನೆಯದು ನನಗೂ ಇಷ್ಟವಾಯಿತು. ಆದರೆ ಫೈನಲ್ ಮಾಡುವ ಮುಂಚೆ ಮೂರು ಕಡೆ ತಿವಿದು ನೋಡೋಣ.

ಮೊದಲನೆಯದು ಕೈ. ಗೊರಬಿನ ಅನುಕೂಲವೇ ಎರಡೂ ಕೈ ಬಿಡುವಾಗಿರುವುದು. ಆದರೆ ನಿಮ್ಮ ಆಕಾರದಲ್ಲಿ ಎರಡೂ ಕೈ ಚಿಪ್ಪಿನೊಳಗೆ ಮುಳುಗಿವೆ. ಅವಳು ಸಂಕದ ಹಗ್ಗ ಹಿಡಿಯಬೇಕು, ಕಾಗದ ಕೊಡಬೇಕು ಅಲ್ವಾ? ಪಕ್ಕದಿಂದ ನೋಡುವ ಆಟದಲ್ಲಿ ಮೈಮೇಲೆ ಬಿದ್ದ ಕೈ ಕಪ್ಪಿನಲ್ಲಿ ಕರಗಿಹೋಗುತ್ತದೆ. ಹಾಗಾಗಿ ಮುಂದಿನ ಕೈಯನ್ನು ಚಿಪ್ಪಿನ ಅಂಚಿನಿಂದ ಆಚೆಗೆ ತನ್ನಿ. ಕೈಗೂ ಎದೆಗೂ ನಡುವೆ ಬಿಳಿ ಕಿಂಡಿ ಕಾಣಲಿ. ಚೀಲವನ್ನು ಬೆನ್ನ ಹಿಂದೆ ಅಡಗಿಸಬೇಡಿ, ಮುಂದೆ ಹೊಟ್ಟೆಯ ಹತ್ತಿರ ಜೋತಾಡಲಿ. ಹಿಂದೆ ಚಿಪ್ಪು, ಮುಂದೆ ಚೀಲ, ಎರಡೂ ಬೇರೆ ಬೇರೆ ಓದಿಸಿಕೊಳ್ಳುತ್ತವೆ.

ಎರಡನೆಯದು ಗಾತ್ರ. ಆಟದ ಪರದೆಯಲ್ಲಿ ಅವಳು ಎಷ್ಟು ಎತ್ತರ ಇರುತ್ತಾಳೆ? 100 ಪಿಕ್ಸೆಲ್ ಅಂದುಕೊಳ್ಳೋಣ. ಫೋಟೊವನ್ನು ಅಷ್ಟಕ್ಕೆ ಕುಗ್ಗಿಸಿ ನೋಡಿ. ನಾನು ಕುಗ್ಗಿಸಿ ನೋಡಿದೆ. ಎರಡು ಕಾಲಿನ ನಡುವಿನ ಸಂದು ಮುಚ್ಚಿಹೋಗಿ, ಕಾಲಿರುವ ಅಣಬೆಯ ಹಾಗೆ ಕಾಣುತ್ತಾಳೆ. ಸೀರೆಯನ್ನು ಮೊಣಕಾಲಿಗೆ ಎತ್ತಿ ಸಿಕ್ಕಿಸಿ, ಕಾಲುಗಳನ್ನು ದೂರ ಮಾಡಿ. ಮಳೆಯಲ್ಲಿ ಹಳ್ಳ ದಾಟುವವರು ಹಾಗೇ ಎತ್ತಿ ಕಟ್ಟಿಕೊಳ್ಳುವುದು, ಸುಳ್ಳೇನೂ ಆಗುವುದಿಲ್ಲ.

ಮೂರನೆಯದೇ ದೊಡ್ಡ ತಲೆನೋವು. ನಿಮ್ಮ ಆಟದಲ್ಲಿ ಗದ್ದೆ ಇದೆಯಾ? ನೆಟ್ಟಿ ಮಾಡುವವರು ಇದ್ದಾರಾ? ಇದ್ದರೆ ಅವರೂ ಗೊರಬು ಹಾಕಿರುತ್ತಾರೆ, ಅವರೂ ಬಾಗಿರುತ್ತಾರೆ. ಆಗ ನಿಮ್ಮ ನಾಯಕಿ ಯಾರು? ಒಂದೇ ಸಾಲಿನಲ್ಲಿ ಅವಳು, ನೆಟ್ಟಿ ಮಾಡುವ ಇಬ್ಬರು, ಒಂದು ದನ, ಒಂದು ಹುಲ್ಲಿನ ಬಣವೆ ಎಲ್ಲವನ್ನೂ ಕಪ್ಪಾಗಿ ಬರೆಯಿರಿ. ಆಟದ ಬಗ್ಗೆ ಗೊತ್ತಿಲ್ಲದ ಒಬ್ಬರಿಗೆ ಎರಡು ಕ್ಷಣ ತೋರಿಸಿ ಮುಚ್ಚಿ. "ಚೆನ್ನಾಗಿದೆಯಾ" ಅಂತ ಕೇಳಬೇಡಿ, ಎಲ್ಲರೂ ಹೌದು ಅಂತಾರೆ. "ಇದರಲ್ಲಿ ಯಾರು ಎಲ್ಲಿಗೆ ಹೊರಟಿದ್ದಾರೆ" ಅಂತ ಕೇಳಿ.

ಮಕ್ಕಳ ಪುಸ್ತಕದ ಚಿತ್ರಕಾರ್ತಿ:
ನಾನು ಸ್ವಲ್ಪ ಬೇರೆ ಹೇಳುತ್ತೇನೆ. ಕಪ್ಪು ಆಕಾರದಿಂದ ಶುರು ಮಾಡಿದರೆ ನನ್ನ ಪಾತ್ರಗಳು ಬದುಕುವುದೇ ಇಲ್ಲ. ನನಗೆ ಮುಖ ಬೇಕು. ಈಚೆಗೆ ಮೂವರು ಅಕ್ಕತಂಗಿಯರ ಪುಸ್ತಕ ಮಾಡಿದೆ. ಮೂವರಿಗೂ ಹೆಚ್ಚುಕಡಿಮೆ ಒಂದೇ ಮೈಕಟ್ಟು. ಬೇರೆಯಾಗಿದ್ದು ಹುಬ್ಬು, ತುಟಿ, ನೋಡುವ ರೀತಿ. ನಾನು ಬಾಲ್‌ಪೆನ್ನಿನಲ್ಲಿ ಗೀಚುಗೆರೆಯ ಥಂಬ್‌ನೇಲ್ ಹಾಕುತ್ತೇನೆ. ಕಪ್ಪು ತುಂಬುವುದು ಕೊನೆಗೆ, ಪರೀಕ್ಷೆಗೆ ಮಾತ್ರ. ಕಪ್ಪಿನಿಂದಲೇ ಹೊರಟರೆ ಎಲ್ಲ ಪಾತ್ರಕ್ಕೂ ಚೂಪು ಟೋಪಿ, ಹಾರುವ ಸೆರಗು ಬಂದುಬಿಡುತ್ತೆ. ಅಂಚು ಚೆನ್ನಾಗಿ ಕಾಣಲಿ ಅಂತ ಇಲ್ಲದ್ದನ್ನೆಲ್ಲ ಅಂಟಿಸುವುದು.

ಕಾನ್ಸೆಪ್ಟ್ ಆರ್ಟಿಸ್ಟ್:
ಹಾರುವ ಸೆರಗಿನ ಮಾತು ಒಪ್ಪಿದೆ ಮೇಡಂ, ಅದು ನಮ್ಮ ಫೀಲ್ಡಿನ ಕಾಯಿಲೆಯೇ. ನಿಮ್ಮ ಪುಸ್ತಕದಲ್ಲಿ ಓದುವ ಮಗು ಒಂದು ಪುಟವನ್ನು ಎಷ್ಟು ಹೊತ್ತು ಬೇಕಾದರೂ ನೋಡಬಹುದು, ಮುಖ ಅಂಗೈಯಗಲ ಇರುತ್ತದೆ. ಇಲ್ಲಿ ಮುಖ 15 ಪಿಕ್ಸೆಲ್, ಅದೂ ಮಳೆಯೊಳಗೆ. ಅದಕ್ಕೇ ನಾನು ಆಕಾರದಿಂದ ಹೊರಟೆ. ಮೇಲಿನಿಂದ ನೋಡುವ ಆಟವಾಗಿದ್ದರೆ ಈ ಪಕ್ಕದ ಆಕಾರಗಳೂ ದಂಡ. ಆಗ ಕಾಣುವುದು ತಲೆ, ಭುಜ ಅಷ್ಟೇ. ಥಂಬ್‌ನೇಲನ್ನೂ ಮೇಲಿನಿಂದಲೇ ಹಾಕಬೇಕು.

ಚಿತ್ರಕಾರ್ತಿ:
ಇರಬಹುದು. ಆದರೂ ಐವತ್ತು ದಾಟಿದವಳು ಅನ್ನೋದು ಈ ಎಂಟನೆಯದರಲ್ಲಿ ಎಲ್ಲಿ ಕಾಣುತ್ತಿದೆ? ಬಾಗಿದ್ದು ಗೊರಬಿನಿಂದ, ವಯಸ್ಸಿನಿಂದ ಅಲ್ಲ. ಇಪ್ಪತ್ತರ ಹುಡುಗಿ ಹಾಕಿಕೊಂಡರೂ ಹೀಗೇ ಕಾಣುತ್ತಾಳೆ.

ಕಾನ್ಸೆಪ್ಟ್ ಆರ್ಟಿಸ್ಟ್:
ಒಳ್ಳೆ ಪ್ರಶ್ನೆ. ನಿಂತ ಭಂಗಿಯಲ್ಲಿ ಅದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ನಡಿಗೆಯಲ್ಲಿ ತರಬಹುದು ಅನ್ನಿಸುತ್ತೆ.

ಹವ್ಯಾಸಿ:
ನಡುವೆ ಬಾಯಿ ಹಾಕ್ತೀನಿ, ಕ್ಷಮಿಸಿ. ನಾನು ಟ್ಯಾಬ್ಲೆಟ್‌ನಲ್ಲಿ ಬಿಡಿಸೋದು. ಮಾರ್ಕರ್ ಇಲ್ಲದೆ ಇದೇ ಕೆಲಸ ಹೇಗೆ? ಜೂಮ್ ಮಾಡಿ ಮಾಡಿ ಒಂದಕ್ಕೇ ಅರ್ಧ ಗಂಟೆ ಹೋಗುತ್ತೆ.

ಕಾನ್ಸೆಪ್ಟ್ ಆರ್ಟಿಸ್ಟ್:
ಜೂಮ್ ಮುಟ್ಟಲೇಬೇಡಿ. ಅಂಚು ಗಟ್ಟಿಯಿರುವ ದುಂಡು ಬ್ರಷ್, ಒಪಾಸಿಟಿ 100. ಮೆತ್ತಗಿನ ಬ್ರಷ್ ಹಿಡಿದರೆ ಮಂಜು ಮಂಜಾಗಿ ಎಲ್ಲವೂ ಚೆನ್ನಾಗಿದೆ ಅಂತ ಅನ್ನಿಸಿಬಿಡುತ್ತೆ, ಆಮೇಲೆ ಗೆರೆ ಎಳೆಯುವಾಗ ಅಲ್ಲಿ ಆಕಾರವೇ ಇರುವುದಿಲ್ಲ. ಕಂಪ್ಯೂಟರಿನಲ್ಲಿ ಫೋಟೊಶಾಪ್ ಇದ್ದರೆ ಲಾಸೊದಿಂದ ಆಕಾರ ಸುತ್ತಿ `Alt+Backspace` ಒತ್ತಿ, ಬ್ರಷ್‌ಗಿಂತ ಬೇಗ ಆಗುತ್ತೆ. ಕ್ರಿಟಾದಲ್ಲಿ ಆಗಾಗ `M` ಒತ್ತಿ ಎಡಬಲ ತಿರುಗಿಸಿ ನೋಡಿ, ವಾಲಿಕೆ ತಪ್ಪಿದ್ದರೆ ತಕ್ಷಣ ಕಣ್ಣಿಗೆ ಹೊಡೆಯುತ್ತೆ. ಎಲ್ಲವನ್ನೂ ಒಂದೇ ಪುಟದಲ್ಲಿ ಇಡಿ, ಒಂದಕ್ಕೊಂದು ಹೋಲಿಸುವುದಕ್ಕೆ.

ವಿದ್ಯಾರ್ಥಿನಿ:
ಸಾಲಾಗಿ ಬರೆದು ರೂಮ್‌ಮೇಟ್‌ಗೆ ತೋರಿಸಿದೆ. ಅವಳು ನೆಟ್ಟಿ ಮಾಡುವವರಲ್ಲಿ ಒಬ್ಬಳನ್ನೇ ನಾಯಕಿ ಅಂದಳು 😐 ಈಗ ಎರಡು ದಾರಿ ಕಾಣುತ್ತಿದೆ. ಗೊರಬು ಇವಳಿಗೆ ಮಾತ್ರ ಇಟ್ಟು, ಗದ್ದೆಯವರಿಗೆ ಕಂಬಳಿ ಕೊಪ್ಪೆ ಹಾಕುವುದು. ಇಲ್ಲಾ ಇವಳಿಗೇ ಕೊಪ್ಪೆ ಹಾಕಿ, ಗೊರಬು ಅವರಿಗೆ ಬಿಡುವುದು. ಅಜ್ಜಿಯನ್ನು ನೆನೆದರೆ ಎರಡನೆಯದೇ ಸರಿ. ಆದರೆ ಗೊರಬಿನ ಆಕಾರ ಬಿಡೋಕೆ ಮನಸ್ಸಿಲ್ಲ.

ಜಾಹೀರಾತು ಕಂಪನಿಯ ಇಲಸ್ಟ್ರೇಟರ್:
ಗೊರಬೇ ಇಡಿ. ಆಟ ಆಡುವವರಿಗೆ ಯಾರು ಏನು ಹಾಕುತ್ತಿದ್ದರು ಅಂತ ಎಲ್ಲಿ ಗೊತ್ತು?

ಚಿತ್ರಕಾರ್ತಿ:
ಮಲೆನಾಡಿನವರು ಆಡಿದರೆ ಗೊತ್ತಾಗುತ್ತೆ. ಕೊಪ್ಪೆ ಹಾಕಿ. ತ್ರಿಕೋನದ ಹಾಗೆ ತಲೆ ಮೇಲೆ ತುದಿ ನಿಲ್ಲುತ್ತೆ, ಅದೂ ಒಳ್ಳೆ ಆಕಾರವೇ. ನೆನೆದ ಕಂಬಳಿಯ ಭಾರದಲ್ಲಿ ವಯಸ್ಸೂ ಕಾಣಿಸಬಹುದು.

ಕಾನ್ಸೆಪ್ಟ್ ಆರ್ಟಿಸ್ಟ್:
ಇದನ್ನು ಮಾತಿನಲ್ಲಿ ತೀರ್ಮಾನ ಮಾಡಬೇಡಿ. ಎರಡನ್ನೂ ಉಳಿಸಿಕೊಳ್ಳಿ. ಜತೆಗೆ ಮೊದಲ ಸಾಲಿನ ಆ ದೊಡ್ಡ ಚೀಲದ್ದನ್ನೂ ಎತ್ತಿಕೊಳ್ಳಿ, ನೀವು ಅದನ್ನು ಮರೆತೇಬಿಟ್ಟಿದ್ದೀರಿ. ಮೂರಕ್ಕೂ ನಂಬರ್ ಹಾಕಿ. ಪ್ರತಿಯೊಂದಕ್ಕೂ ನಿಂತದ್ದು ಬಿಟ್ಟು ಇನ್ನೂ ಮೂರು ಥಂಬ್‌ನೇಲ್: ಸಂಕದ ಮೇಲೆ ಹೆಜ್ಜೆ ಇಡುವುದು, ಹಳ್ಳ ಹಾರುವುದು, ಜಗುಲಿ ಹತ್ತಿರ ಬಗ್ಗಿ ಕಾಗದ ಕೊಡುವುದು. ಗೊರಬು ಗಟ್ಟಿ ಚಿಪ್ಪು, ಹಾರುವಾಗ ಆಕಾರ ಬದಲಾಗುವುದಿಲ್ಲ. ಅನಿಮೇಷನ್ ಸುಲಭ, ಆದರೆ ಮೈ ಬಳುಕುವುದು ಕಾಣಿಸುವುದಿಲ್ಲ. ಕಂಬಳಿ ಜೋಲುತ್ತದೆ, ಫ್ರೇಮ್ ಫ್ರೇಮಿಗೂ ಬಿಡಿಸಬೇಕು. ನಿಮಗೆ ಸಬ್‌ಮಿಷನ್‌ಗೆ ಎಷ್ಟು ದಿನ ಇದೆ ಅನ್ನುವುದೂ ಇಲ್ಲಿ ಲೆಕ್ಕಕ್ಕೆ ಬರುತ್ತೆ.

ವಿದ್ಯಾರ್ಥಿನಿ:
ಐದು ವಾರ ಇದೆ ಸರ್. ಗೈಡ್ ಹತ್ತಿರ ಮೂರನ್ನೂ ಒಯ್ಯುತ್ತೇನೆ. ಹಾರುವ ಥಂಬ್‌ನೇಲ್‌ಗಳನ್ನು ನಾಳೆ ರಾತ್ರಿ ಇಲ್ಲೇ ಹಾಕುತ್ತೇನೆ.