ಪದ ಬೇಕು: ರಾಟೆ ಲೆಕ್ಕದ 'ಮೊಮೆಂಟ್ ಆಫ್ ಇನರ್ಷಿಯಾ'

ಕೇಳಿದವರು: ಪಿಯುಸಿ ಮಕ್ಕಳ ಅಭ್ಯಾಸ ಹಾಳೆ ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು. ಒಂದು ಲೆಕ್ಕ ಫೋಟೊದಲ್ಲಿ ಬಂದಿದೆ. 4 ಕೆಜಿ ರಾಟೆ, ತ್ರಿಜ್ಯ 10 ಸೆಂ.ಮೀ. ಹಗ್ಗದ ಒಂದು ತುದಿಗೆ 3 ಕೆಜಿ, ಇನ್ನೊಂದಕ್ಕೆ 2 ಕೆಜಿ. ಕಂಡುಹಿಡಿಯಬೇಕಾದ ಆಂಗ್ಯುಲರ್ ಆಕ್ಸಿಲರೇಶನ್‌ಗೆ 'ಕೋನೀಯ ವೇಗೋತ್ಕರ್ಷ' ಹಾಕಿದ್ದೇನೆ. ಮೊಮೆಂಟ್ ಆಫ್ ಇನರ್ಷಿಯಾಕ್ಕೆ ಕರಡಿನಲ್ಲಿ 'ಜಡತ್ವದ ಕ್ಷಣ' ಅಂತಿದೆ. ಇದನ್ನು ಮಕ್ಕಳ ಕೈಗೆ ಕೊಡಲು ಮನಸ್ಸಿಲ್ಲ.

ಮೈಸೂರಿನಿಂದ: 'ತಿರುಗುಜಡತೆ'. ರಾಟೆ ತಿರುಗಲು ಒಪ್ಪದ ಗುಣ, ಅಷ್ಟೇ. ಸಂಸ್ಕೃತದ ಬಾಲ ಬೇಡ.

ಧಾರವಾಡದಿಂದ: 'ಜಡತೆ' ಯಾವ ಭಾಷೆಯದು ಸ್ವಾಮಿ? ಲ್ಯಾಟಿನ್‌ನ 'ಮೊಮೆಂಟುಮ್' ಚಲಿಸು ಎಂಬ ಧಾತುವಿನಿಂದ ಬಂದದ್ದು. ಹೊತ್ತು ಅನ್ನುವುದು ಅದರ ಒಂದು ಅರ್ಥ ಮಾತ್ರ. ಆಯ್ಲರ್ 1765ರ ಪುಸ್ತಕದಲ್ಲಿ ಈ ಹೆಸರಿಟ್ಟಾಗ ಗಡಿಯಾರದ ಯೋಚನೆ ಇರಲಿಲ್ಲ. 'ಜಡತ್ವ ಭ್ರಾಮಕ' ಅನ್ನಿ, ತಿರುಗುವ ಅರ್ಥ ಅದರಲ್ಲೇ ಇದೆ.

ಇನ್ನೊಬ್ಬರು: ಪದ ಯಾವುದಾದರೂ ಇರಲಿ, ಉತ್ತರ ಸುಲಭ ಅಲ್ವಾ? ಹಗ್ಗ ಒಂದೇ, ಎಳೆತವೂ ಒಂದೇ. ತೂಕಗಳ ವೇಗೋತ್ಕರ್ಷಕ್ಕೆ 9.8ನ್ನು 5ರಿಂದ ಭಾಗಿಸಿ: 1.96.

ಶಿವಮೊಗ್ಗದ ಮೇಷ್ಟ್ರು: ಒಂದೇ ಅಲ್ಲ. ಎರಡೂ ಕಡೆ ಎಳೆತ ಸಮವಾಗಿದ್ದರೆ ರಾಟೆಯನ್ನು ತಿರುಗಿಸುವುದು ಯಾರು? ನಿಮ್ಮ ಲೆಕ್ಕ ತೂಕವೇ ಇಲ್ಲದ ರಾಟೆಗೆ ಸರಿ. ತುಂಬಿದ ಬಿಲ್ಲೆ ಅಂದುಕೊಳ್ಳಿ.

```
I = ½MR² = ½ × 4 × 0.1² = 0.02 kg m²
a = (3−2)g / (3+2+I/R²) = 9.8/7 = 1.4 m/s²
α = a/R = 14 rad/s²
```

3 ಕೆಜಿ ಕಡೆ ಎಳೆತ 25.2 ನ್ಯೂಟನ್, 2 ಕೆಜಿ ಕಡೆ 22.4. ವ್ಯತ್ಯಾಸ 2.8. ಅದನ್ನು 0.1ರಿಂದ ಗುಣಿಸಿದರೆ 0.28. `I × α` ಕೂಡ 0.28. ಈ ತಾಳೆ ಬೀಳದಿದ್ದರೆ ಎಲ್ಲೋ ತಪ್ಪಿದೆ ಅಂತ ಗೊತ್ತಾಗುತ್ತದೆ.

ಪದದ ಮಾತಿಗೆ ಬಂದರೆ, 'ತಿರುಗುಜಡತೆ' ನನಗೆ ಇಷ್ಟ. ಆದರೆ ತೂಕ ನಡುವಿನಿಂದ ಎಷ್ಟು ದೂರ ಇದೆ ಅನ್ನುವುದು ಅದರಲ್ಲಿ ಕಾಣುವುದಿಲ್ಲ. ಅದೇ 4 ಕೆಜಿ ಪೂರಾ ಅಂಚಿನಲ್ಲಿದ್ದರೆ, ಅಂದರೆ ಬಳೆಯ ಹಾಗಿದ್ದರೆ, `I` 0.04 ಆಗುತ್ತದೆ. `α` ಸುಮಾರು 10.9ಕ್ಕೆ ಇಳಿಯುತ್ತದೆ. ಫೋಟೊದಲ್ಲಿ ಬಿಲ್ಲೆಯೋ, ಬಳೆಯೋ?

ಕುಂದಾಪುರದಿಂದ: ನಮ್ಮ ಬಾವಿಯ ರಾಟೆಯಲ್ಲಿ ಮಳೆಗಾಲಕ್ಕೆ ಹಗ್ಗ ಜಾರುತ್ತದೆ. ಕೊಡ ಇಳಿಯುತ್ತದೆ, ರಾಟೆ ನಿಂತೇ ಇರುತ್ತದೆ. ಆಗ ಏನು ಮಾಡುವುದು?

ಶಿವಮೊಗ್ಗದ ಮೇಷ್ಟ್ರು: ಆಗ `a = αR` ನಿಲ್ಲುವುದಿಲ್ಲ. 'ಹಗ್ಗ ಜಾರುವುದಿಲ್ಲ' ಅಂತ ಹಾಳೆಯಲ್ಲಿ ಸೇರಿಸಲೇಬೇಕು.

ಮೈಸೂರಿನಿಂದ: ಮಕ್ಕಳು ಬಾಯಲ್ಲಿ ಹೇಳಲಾರದ 'ಭ್ರಾಮಕ'ವನ್ನು ಎಷ್ಟು ದಿನ ಹೊರಿಸುತ್ತೀರಿ?

ಧಾರವಾಡದಿಂದ: 'ಭ್ರಮೆ' ಹೇಳಬಲ್ಲವರು 'ಭ್ರಾಮಕ'ವನ್ನೂ ಹೇಳುತ್ತಾರೆ. ಎರವಲೇ ಬೇಡ ಅಂದರೆ 'ತ್ರಿಜ್ಯ'ವನ್ನೂ ಬಿಡಿ.

ಕೇಳಿದವರು: ಫೋಟೊ ಹಿಗ್ಗಿಸಿ ನೋಡಿದೆ. ಸಾಲಿನ ಕೊನೆ ಕತ್ತರಿಸಿ ಹೋಗಿದೆ, ಚಿತ್ರದಲ್ಲಿ ಚಕ್ರದ ಕಡ್ಡಿಗಳು ಕಾಣುತ್ತಿವೆ. ಹಾಗಾಗಿ ಬಿಲ್ಲೆ ಅಂತ ನಾನಾಗಿ ಬರೆಯಲಾರೆ. ಲೆಕ್ಕ ಕಳಿಸಿದವರಿಗೆ ಈಗಲೇ ಫೋನ್ ಮಾಡುತ್ತೇನೆ. 'ಕ್ಷಣ'ವನ್ನಂತೂ ಹೊಡೆದು ಹಾಕಿದೆ. ಆ ಜಾಗ ಇನ್ನೂ ಖಾಲಿ ಇದೆ.